ಏರಿಯಾ ಬರೆದುಕೊಡುವ ಮೊದಲು ಪ್ಯಾನೆಲ್ ಲೆಕ್ಕ ಹಾಕಿ

ಪ್ರಶ್ನೆ: ನಾವು ಬಾತ್‌ರೂಮಿಗೆ ಬೇಕಾದ ನಲ್ಲಿ, ಶವರ್ ತಯಾರಿಸುತ್ತೇವೆ. ಇಷ್ಟು ದಿನ ನಾವೇ ನೇರವಾಗಿ ಮಾರುತ್ತಿದ್ದೆವು. ಈಗ ಪಕ್ಕದ ಜಿಲ್ಲೆಯ ಒಬ್ಬ ಅಂಗಡಿಯವರು ಡೀಲರ್‌ಶಿಪ್ ಕೇಳುತ್ತಿದ್ದಾರೆ. ‘ಇಡೀ ಜಿಲ್ಲೆ ನನಗೊಬ್ಬನಿಗೇ ಬರೆದುಕೊಡಿ’ ಅನ್ನುತ್ತಾರೆ. ಏರಿಯಾ, ರೇಟು, ನಮ್ಮ ಹೆಸರು ಬಳಸುವ ನಿಯಮ, ಅಂಗಡಿಯಲ್ಲಿ ಕನಿಷ್ಠ ಎಷ್ಟು ಮಾಲು ಇಡಬೇಕು ಅನ್ನೋದು, ಇದನ್ನೆಲ್ಲ ಹೇಗೆ ಬರೆಯಬೇಕು?

ಉತ್ತರ: ನೀವು ಕೇಳಿದ ನಾಲ್ಕರಲ್ಲಿ ಕೊನೆಯದನ್ನು ಮೊದಲು ಬರೆಯಿರಿ. ಎಲ್ಲರೂ ಏರಿಯಾದಿಂದ ಶುರು ಮಾಡುತ್ತಾರೆ. ಯಾಕೆಂದರೆ ಡೀಲರ್ ಮೊದಲು ಕೇಳುವುದು ಅದನ್ನೇ. ಆದರೆ ಏರಿಯಾ ನೀವು ಕೊಡುವ ವಸ್ತು. ಅದಕ್ಕೆ ಪ್ರತಿಯಾಗಿ ನಿಮಗೆ ಏನು ಸಿಗುತ್ತದೆ ಎಂದು ಗೊತ್ತಾಗದೆ ಕೊಡುವುದು ಹೇಗೆ? ನಲ್ಲಿ, ಶವರ್‌ನಂಥ ಮಾಲಿನಲ್ಲಿ ನಿಮಗೆ ಸಿಗಬೇಕಾದದ್ದು ಮುಖ್ಯವಾಗಿ ಎರಡು. ಗ್ರಾಹಕರ ಕಣ್ಣಿಗೆ ಬೀಳುವ ಡಿಸ್‌ಪ್ಲೇ, ಕೇಳಿದ ದಿನವೇ ಕೊಡಬಲ್ಲ ಸ್ಟಾಕ್.

ಇವೆರಡನ್ನೂ ಬೇರೆ ಬೇರೆಯಾಗಿ ಬರೆಯಿರಿ. ಅಂಗಡಿಯಲ್ಲಿ ತೋರಿಸಲು ನಿಲ್ಲಿಸಿದ ಪ್ಯಾನೆಲ್ ಮೇಲೆ ಕೂರಿಸಿದ ಬಿಸಿನೀರು-ತಣ್ಣೀರಿನ ಮಿಕ್ಸರ್ ಮಾರಾಟದ ಮಾಲಲ್ಲ. ದಿನಕ್ಕೆ ಹತ್ತಾರು ಜನ ಅದರ ಹಿಡಿಕೆ ತಿರುಗಿಸುತ್ತಾರೆ. ಕ್ರೋಮ್ ಮೇಲೆ ಗೀರು ಬೀಳುತ್ತದೆ. ವರ್ಷದ ಕೊನೆಗೆ ಅದನ್ನು ಹೊಸದೆಂದು ಮಾರಲು ಆಗುವುದಿಲ್ಲ. ‘ಕನಿಷ್ಠ ಇಷ್ಟು ಮೊತ್ತದ ಮಾಲು ಇಡಬೇಕು’ ಎಂದು ಒಂದೇ ಸಾಲು ಬರೆದರೆ ಏನಾಗುತ್ತದೆ ಗೊತ್ತಾ? ಡೀಲರ್ ಬೇಗ ಖರ್ಚಾಗುವ ಆಂಗಲ್ ಕಾಕ್, ಬಿಬ್ ಕಾಕ್‌ನಂಥ ಮಾಮೂಲಿ ನಲ್ಲಿಗಳಲ್ಲೇ ಆ ಮೊತ್ತ ತುಂಬಿಸುತ್ತಾರೆ. ಕಾಗದದ ಪ್ರಕಾರ ಷರತ್ತು ಪೂರೈಸಿದ ಹಾಗೆ. ನಿಮ್ಮ ಒಳ್ಳೆಯ ಶವರ್ ಸೆಟ್ ಮಾತ್ರ ಆ ಅಂಗಡಿಯಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಮೊತ್ತ ಬೇಡ, ಮಾಡೆಲ್‌ಗಳ ಪಟ್ಟಿ ಕೊಡಿ.

ನಿಮ್ಮಲ್ಲಿ ನೂರೈವತ್ತು ಮಾಡೆಲ್ ಇವೆ ಎಂದುಕೊಳ್ಳೋಣ. ಪ್ಯಾನೆಲ್‌ಗೆ 24 ಸಾಕು. ಅದರಲ್ಲಿ ಅರ್ಧ ಎಲ್ಲರೂ ಕೇಳುವಂಥವು, ಉಳಿದರ್ಧ ನೋಡಿದರೆ ಮಾತ್ರ ಆಸೆ ಹುಟ್ಟುವಂಥವು. ಪ್ಯಾನೆಲ್ ಎಷ್ಟು ಅಗಲ, ಅಂಗಡಿಯೊಳಗೆ ಎಲ್ಲಿ ನಿಲ್ಲಬೇಕು, ಎರಡು ಮೂರು ನಲ್ಲಿಗಳಲ್ಲಿ ನೀರು ಬರುವ ಹಾಗೆ ಜೋಡಿಸಬೇಕೇ, ಇವನ್ನು ಒಂದು ಚಿತ್ರದಲ್ಲಿ ತೋರಿಸಿ ಲಗತ್ತಿಸಿ. ‘ಬಾಗಿಲಿನಿಂದ ಒಳಗೆ ಬಂದವರಿಗೆ ಎದುರಿಗೆ ಕಾಣುವಂತೆ’ ಎಂದು ಬರೆದರೂ ಅದರ ಜೊತೆ ಚಿತ್ರ ಇರಲಿ. ‘ಪ್ರಮುಖ ಸ್ಥಳದಲ್ಲಿ’ ಅನ್ನುವ ಮಾತಿಗೆ ಅರ್ಥವೇ ಇಲ್ಲ. ಮೆಟ್ಟಿಲ ಕೆಳಗಿನ ಜಾಗವೂ ಯಾರಿಗೋ ಪ್ರಮುಖ ಸ್ಥಳವೇ.

ಡಿಸ್‌ಪ್ಲೇ ಮಾಲಿನ ಖರ್ಚು ಯಾರದು ಅನ್ನೋದು ಅತಿ ಹೆಚ್ಚು ಜಗಳ ತರುವ ವಿಷಯ. ಪೂರ್ತಿ ಉಚಿತವಾಗಿ ಕೊಟ್ಟರೆ ಡೀಲರ್‌ಗೆ ಅದರ ಮೇಲೆ ಅಕ್ಕರೆ ಇರುವುದಿಲ್ಲ. ಪೂರ್ತಿ ಬೆಲೆ ಕೇಳಿದರೆ ಆರು ತಿಂಗಳಲ್ಲಿ ಬಿಚ್ಚಿ ಮಾರಿಬಿಡುತ್ತಾರೆ. ನನ್ನ ಸಲಹೆ ಇದು. ಡೀಲರ್ ಬೆಲೆಯ ಅರ್ಧಕ್ಕೆ ಬಿಲ್ ಮಾಡಿ. ಬಿಲ್‌ನಲ್ಲೇ ‘ಡಿಸ್‌ಪ್ಲೇ ಮಾಲು, 12 ತಿಂಗಳು ಮಾರುವಂತಿಲ್ಲ’ ಎಂದು ಬರೆಯಿರಿ. ನೀವು ಒಂದು ಮಾಡೆಲ್ ನಿಲ್ಲಿಸಿದರೆ ಅದರ ಜಾಗಕ್ಕೆ ಬರುವ ಹೊಸ ಪೀಸು ನಿಮ್ಮ ಖರ್ಚು. ಹಳೆಯದನ್ನು ಅವರು ಸಿಕ್ಕ ಬೆಲೆಗೆ ಮಾರಿಕೊಳ್ಳಲಿ. ಪ್ಯಾನೆಲ್ ಮತ್ತು ಅದರ ಚೌಕಟ್ಟು ಯಾವತ್ತೂ ನಿಮ್ಮ ಸ್ವತ್ತು ಎಂದು ಒಂದು ಸಾಲು ಇರಲಿ. ಇಲ್ಲದಿದ್ದರೆ ಮುಂದೊಂದು ದಿನ ನಿಮ್ಮ ಪ್ಯಾನೆಲ್ ಮೇಲೆ ಬೇರೆಯವರ ನಲ್ಲಿ ಕೂತಿರುತ್ತದೆ. ಕೇಳಿದರೆ ‘ಪ್ಯಾನೆಲ್ ನಂದೇ ಅಲ್ವಾ?’ ಅನ್ನುತ್ತಾರೆ.

ಇನ್ನು ಮಾರಾಟದ ಸ್ಟಾಕ್. ಇದಕ್ಕೆ ಸುಮ್ನೆ ಒಂದು ಸಂಖ್ಯೆ ಬರೆಯಬೇಡಿ. ನೀವು ಮಾಲು ತಲುಪಿಸಲು ತೆಗೆದುಕೊಳ್ಳುವ ದಿನಗಳಿಂದ ಲೆಕ್ಕ ಹಾಕಿ. ಬೇಸಿನ್ನಿನ ಒಂದು ಮಾಡೆಲ್ ನಲ್ಲಿ ತಿಂಗಳಿಗೆ 15 ಪೀಸು ಹೋಗುತ್ತದೆ ಎಂದುಕೊಳ್ಳಿ. ಅಂದರೆ ದಿನಕ್ಕೆ ಅರ್ಧ. ಡೀಲರ್ ವಾರಕ್ಕೊಮ್ಮೆ ಆರ್ಡರ್ ಕೊಡುತ್ತಾರೆ, ಆರ್ಡರ್ ಕೊಟ್ಟ ಮೇಲೆ ಮಾಲು ಬರಲು 10 ದಿನ. ಹಾಗಾದರೆ ಅವರು 17 ದಿನ ಕೈಯಲ್ಲಿರುವುದರಲ್ಲೇ ನಡೆಸಬೇಕು. ಅದಕ್ಕೆ ಎಂಟೂವರೆ ಪೀಸು ಬೇಕು. ಒಬ್ಬ ಪ್ಲಂಬರ್ ಒಮ್ಮೆಗೇ ನಾಲ್ಕು ಕೇಳಿಬಿಟ್ಟರೆ ಎಂದು ಇನ್ನೊಂದು ಮೂರು ನಾಲ್ಕು ಸೇರಿಸಿ. ಒಟ್ಟು 12. ತಿಂಗಳಿಗೆ ಎರಡೇ ಹೋಗುವ ಮಾಡೆಲ್‌ಗೆ ಇದೇ ಲೆಕ್ಕದಲ್ಲಿ ಎರಡು ಪೀಸು ಸಾಕು. ಈ ಲೆಕ್ಕವನ್ನು ಬಹುಪಾಲು ಮಾರಾಟ ತರುವ ನಲವತ್ತು ಮಾಡೆಲ್‌ಗೆ ಮಾತ್ರ ಹಾಕಿ. ಉಳಿದದ್ದು ಆರ್ಡರ್ ಮೇಲೆ ಬರಲಿ. ನೀವು 10 ದಿನದ ಬದಲು ನಾಲ್ಕು ದಿನದಲ್ಲಿ ಮಾಲು ಕಳಿಸಬಲ್ಲಿರಾದರೆ ಕನಿಷ್ಠ ಸ್ಟಾಕ್ ತಾನಾಗಿ ಇಳಿಯುತ್ತದೆ. ನಿಮ್ಮ ನಿಧಾನದ ಹೊರೆಯನ್ನು ಡೀಲರ್ ಮೇಲೆ ಹಾಕುವುದು ನ್ಯಾಯವಲ್ಲ. ಅದು ಬಹಳ ದಿನ ನಡೆಯುವುದೂ ಇಲ್ಲ.

ಹೊಸ ಡೀಲರ್ ಆದ್ದರಿಂದ ಯಾವ ಮಾಡೆಲ್ ಎಷ್ಟು ಹೋಗುತ್ತದೆ ಎಂದು ಇಬ್ಬರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಮೊದಲ ಮೂರು ತಿಂಗಳು ಅಂದಾಜಿನ ಪಟ್ಟಿ ಇರಲಿ, ಆಮೇಲೆ ನಿಜವಾದ ಮಾರಾಟ ನೋಡಿ ಬದಲಿಸಿ. ಈ ಬದಲಾವಣೆ ಮಾಡುತ್ತೀರಿ ಎಂದು ಮೊದಲೇ ಬರೆದಿಡಿ.

ಪಟ್ಟಿ ತಯಾರಾದ ಮೇಲೆ, ಸಹಿ ಹಾಕಿಸುವ ಮುಂಚೆ, ಡೀಲರ್ ಕಡೆಯ ಲೆಕ್ಕವನ್ನೂ ನೀವೇ ಒಮ್ಮೆ ಹಾಕಿ ನೋಡಿ. ಅವರು ತಿಂಗಳಿಗೆ ನಿಮ್ಮಿಂದ 100 ರೂಪಾಯಿಯಷ್ಟು ಮಾಲು ಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ನಿಮ್ಮ ಪಟ್ಟಿ ಒಟ್ಟಾರೆ ಒಂದೂವರೆ ತಿಂಗಳ ಸ್ಟಾಕ್ ಆಯಿತು ಎನ್ನಿ, ಅಂದರೆ 150 ಅಂಗಡಿಯಲ್ಲಿ ಕೂತಿದೆ. ಡಿಸ್‌ಪ್ಲೇಗೆ 10. ಅವರು ಪ್ಲಂಬರ್‌ಗಳಿಗೆ, ಕಟ್ಟಡದವರಿಗೆ 45 ದಿನ ಸಾಲ ಕೊಡುತ್ತಾರೆ, ಅದು ಇನ್ನೊಂದು 150. ಒಟ್ಟು 310. ನೀವು 30 ದಿನ ಸಾಲ ಕೊಟ್ಟರೆ ಅದರಲ್ಲಿ 100 ನಿಮ್ಮ ದುಡ್ಡು. ಉಳಿದ 210 ಅವರ ಜೇಬಿನದು. ಪಟ್ಟಿ ಬೆಲೆ 100 ಇರುವ ನಲ್ಲಿಯನ್ನು 70ಕ್ಕೆ ಕೊಂಡು 85ಕ್ಕೆ ಮಾರಿದರೆ, 100ರಷ್ಟು ಕೊಂಡದ್ದಕ್ಕೆ ಸುಮಾರು 21 ಉಳಿಯುತ್ತದೆ. ಹಾಕಿದ ದುಡ್ಡಿನ ಮೇಲೆ ತಿಂಗಳಿಗೆ ಶೇಕಡ 10. ಬಾಡಿಗೆ, ಸಂಬಳ, ಬಡ್ಡಿ ಎಲ್ಲ ಅದರಿಂದಲೇ ಹೋಗಬೇಕು. ಈಗ ನೀವು ಆಸೆಪಟ್ಟು ಮೂರು ತಿಂಗಳ ಸ್ಟಾಕ್ ಕೇಳಿದಿರಿ ಎನ್ನಿ. ಅವರ ದುಡ್ಡು 360 ಆಗುತ್ತದೆ, ಲಾಭ ಅದೇ 21. ಶೇಕಡ 6ಕ್ಕೆ ಇಳಿಯಿತು. ಪಕ್ಕದ ಶೆಲ್ಫಿನ ಬೇರೆ ಕಂಪನಿ ಮಾಲು 10 ಕೊಡುತ್ತಿದ್ದರೆ ಅವರು ಮೊದಲು ಕೈಬಿಡುವುದು ನಿಮ್ಮನ್ನೇ. ಪ್ಲಂಬರ್‌ಗಳಿಗೆ ಕೊಡುವ ಸಾಲವನ್ನು ಕಂಪನಿಯವರು ಈ ಲೆಕ್ಕದಲ್ಲಿ ಸೇರಿಸುವುದೇ ಇಲ್ಲ. ಡೀಲರ್ ಹೇಳುವುದೂ ಇಲ್ಲ. ನೀವಾಗಿಯೇ ಕೇಳಿ.

ಈಗ ಏರಿಯಾಕ್ಕೆ ಬರೋಣ. ‘ನನಗೊಬ್ಬನಿಗೇ’ ಅಂದರೆ ಏನು ಎಂದು ಅವರನ್ನೇ ಕೇಳಿ. ಅದರಲ್ಲಿ ಎರಡು ಅರ್ಥ ಇವೆ. ಇನ್ನೊಬ್ಬ ಡೀಲರ್‌ನನ್ನು ನೇಮಿಸಬಾರದು, ಆದರೆ ಕಂಪನಿ ತಾನೇ ಮಾರಬಹುದು. ಇದು ಒಂದು. ಕಂಪನಿಯೂ ಮಾರಬಾರದು. ಇದು ಇನ್ನೊಂದು. ನೀವು ಇಷ್ಟು ದಿನ ನೇರವಾಗಿ ಮಾರುತ್ತಿದ್ದವರು. ಆ ಜಿಲ್ಲೆಯಲ್ಲಿ ನಿಮಗೆ ಈಗಾಗಲೇ ಗ್ರಾಹಕರು ಇರಬಹುದು. ಅವರ ಹೆಸರುಗಳ ಪಟ್ಟಿ ಮಾಡಿ. ‘ಇವರು ಕಂಪನಿಯ ಗ್ರಾಹಕರಾಗಿಯೇ ಉಳಿಯುತ್ತಾರೆ’ ಅಥವಾ ‘ಇಂಥ ದಿನದಿಂದ ಡೀಲರ್‌ಗೆ ಹೋಗುತ್ತಾರೆ’ ಎಂದು ಒಂದೊಂದು ಹೆಸರಿನ ಮುಂದೆಯೂ ಬರೆಯಿರಿ. ನಿಮ್ಮ ವೆಬ್‌ಸೈಟಿನಲ್ಲಿ ಆ ಜಿಲ್ಲೆಯಿಂದ ಬರುವ ಆರ್ಡರ್ ಯಾರದು ಅನ್ನೋದೂ ಅಲ್ಲೇ ಸೇರಲಿ.

ಗಡಿಯನ್ನು ಊರು ಅಥವಾ ಅಂಚೆ ಪಿನ್ ಸಂಖ್ಯೆಗಳ ಪಟ್ಟಿಯಾಗಿ ಕೊಡಿ. ‘ಸುತ್ತಮುತ್ತಲ ಪ್ರದೇಶ’ ಎಂದು ಬರೆದರೆ ಮುಂದಿನ ಡೀಲರ್ ಬಂದಾಗ ಕಷ್ಟ. ಗಡಿ ಗೆರೆ ಎಳೆದ ಮೇಲೆ ಆ ಗೆರೆ ಯಾವುದಕ್ಕೆ ಅನ್ವಯ ಅನ್ನೋದನ್ನೂ ಹೇಳಬೇಕು. ಡೀಲರ್ ಬೇರೆಯವರ ಏರಿಯಾಕ್ಕೆ ಹೋಗಿ ಅಂಗಡಿ ತೆರೆಯಬಾರದು, ಮಾರಾಟದ ಹುಡುಗರನ್ನು ಕಳಿಸಬಾರದು, ಅಲ್ಲಿ ಜಾಹೀರಾತು ಹಾಕಬಾರದು. ಹೀಗೆ ಬರೆಯುವುದು ಸಾಮಾನ್ಯವಾಗಿ ನಡೆಯುತ್ತದೆ. ಆದರೆ ಹೊರಗಿನ ಊರಿನವರು ತಾವಾಗಿ ಅಂಗಡಿಗೆ ಬಂದು ಕೇಳಿದರೆ ಕೊಡಬಾರದು ಎಂದು ಬರೆಯಬೇಡಿ. ಯುರೋಪಿಯನ್ ಒಕ್ಕೂಟದ 2022ರ ನಿಯಮ ಅಂಥ ತಡೆಯನ್ನು ಗಂಭೀರ ತಪ್ಪು ಎಂದೇ ಎಣಿಸುತ್ತದೆ. ಬೇರೆ ದೇಶಗಳಲ್ಲೂ ಸ್ಪರ್ಧಾ ಕಾನೂನು ಇದೆ. ಕಾನೂನು ಬಿಡಿ, ಬಾಗಿಲಿಗೆ ಬಂದ ಗ್ರಾಹಕನ ವಿಳಾಸ ಕೇಳಿ ವಾಪಸ್ ಕಳಿಸುವ ಅಂಗಡಿಯವರು ಎಲ್ಲಿದ್ದಾರೆ?

ನಿಮ್ಮ ವ್ಯಾಪಾರದಲ್ಲಿ ನಿಜವಾದ ತಕರಾರು ದೊಡ್ಡ ಕಟ್ಟಡಗಳಲ್ಲಿ ಬರುತ್ತದೆ. ಬಿಲ್ಡರ್‌ನ ಆಫೀಸು ಒಬ್ಬ ಡೀಲರ್ ಏರಿಯಾದಲ್ಲಿ, ಕಟ್ಟಡ ಇನ್ನೊಬ್ಬನ ಏರಿಯಾದಲ್ಲಿ. ಒಬ್ಬರು ಆಫೀಸಿಗೆ ಅಲೆದು ಆರ್ಡರ್ ತಂದಿರುತ್ತಾರೆ. ಇನ್ನೊಬ್ಬರು ಮುಂದೆ ಸೋರುವ ನಲ್ಲಿಗೆ ಹೋಗಬೇಕಾಗುತ್ತದೆ. ಇದಕ್ಕೆ ಮೊದಲೇ ಒಂದು ಸೂತ್ರ ಬರೆದಿಡಿ. ಆರ್ಡರ್ ತಂದವರು ಬಿಲ್ ಮಾಡಲಿ, ಕಟ್ಟಡ ಇರುವ ಏರಿಯಾದ ಡೀಲರ್‌ಗೆ ಸರ್ವೀಸಿನ ಲೆಕ್ಕದಲ್ಲಿ ಒಂದು ಸಣ್ಣ ಪಾಲು ನೀವು ಕ್ರೆಡಿಟ್ ನೋಟ್‌ನಲ್ಲಿ, ಅಂದರೆ ಅವರ ಖಾತೆಗೆ ಜಮೆ ಮಾಡುವ ಚೀಟಿಯಲ್ಲಿ, ಕೊಡಿ. ದೊಡ್ಡ ಆರ್ಡರ್‌ಗೆ ಓಡಾಡುವವರು ಕಟ್ಟಡದ ವಿಳಾಸವನ್ನು ನಿಮ್ಮಲ್ಲಿ ಮೊದಲೇ ನೋಂದಾಯಿಸಬೇಕು. ಮೂರು ತಿಂಗಳವರೆಗೆ ಆ ವಿಳಾಸ ಅವರ ಹೆಸರಿನಲ್ಲಿರಲಿ. ಈಗ ನಿಮಗೆ ಒಬ್ಬರೇ ಡೀಲರ್ ಇರುವಾಗ ಇದು ಅತಿ ಅನ್ನಿಸಬಹುದು. ಆದರೆ ಎರಡನೆಯವರು ಬಂದ ಮೇಲೆ ಮೊದಲನೆಯವರಿಂದ ಇದಕ್ಕೆ ಒಪ್ಪಿಗೆ ಪಡೆಯುವುದು ತುಂಬಾ ಕಷ್ಟ.

ಇಡೀ ಜಿಲ್ಲೆಯನ್ನು ಮೊದಲ ದಿನವೇ ಕೊಡಬೇಡಿ. ಆರು ತಿಂಗಳು ‘ಈ ಅವಧಿಯಲ್ಲಿ ಇನ್ನೊಬ್ಬರನ್ನು ನೇಮಿಸುವುದಿಲ್ಲ’ ಎಂದಷ್ಟೇ ಬರೆಯಿರಿ. ಪ್ಯಾನೆಲ್ ಪಟ್ಟಿ, ಸ್ಟಾಕ್ ಪಟ್ಟಿ, ಮೂರು ತಿಂಗಳಿಗೊಮ್ಮೆಯ ಖರೀದಿ ಗುರಿ ಮೂರೂ ಸರಿಯಾಗಿದ್ದರೆ ಆಮೇಲೆ ಒಂದು ವರ್ಷಕ್ಕೆ ಪೂರ್ತಿ ಹಕ್ಕು. ಸತತ ಎರಡು ತ್ರೈಮಾಸಿಕ ತಪ್ಪಿದರೆ ಮೊದಲು ಹೋಗುವುದು ‘ನನಗೊಬ್ಬನಿಗೇ’ ಅನ್ನುವ ಹಕ್ಕು. ಡೀಲರ್‌ಶಿಪ್ ಹಾಗೇ ಇರುತ್ತದೆ. ಈ ನಡುವಿನ ಮೆಟ್ಟಿಲು ಬಹಳ ಒಪ್ಪಂದಗಳಲ್ಲಿ ಇರುವುದೇ ಇಲ್ಲ. ಇಲ್ಲದಿದ್ದರೆ ನಿಮ್ಮ ಕೈಯಲ್ಲಿರುವ ಒಂದೇ ಅಸ್ತ್ರ ಎಂದರೆ ಒಪ್ಪಂದ ರದ್ದು ಮಾಡುವುದು. ಎರಡು ಪೀಸು ಕಡಿಮೆ ಇದೆ ಎಂದು ಯಾರೂ ಒಪ್ಪಂದ ರದ್ದು ಮಾಡುವುದಿಲ್ಲ. ಅದು ಡೀಲರ್‌ಗೂ ಗೊತ್ತು.

ಬೆಲೆಪಟ್ಟಿಯನ್ನು ಒಪ್ಪಂದದ ಒಳಗೆ ಸೇರಿಸಬೇಡಿ, ಬೇರೆ ಹಾಳೆಯಾಗಿ ಲಗತ್ತಿಸಿ. ಅದಕ್ಕೆ ಸಂಖ್ಯೆ ಮತ್ತು ಜಾರಿಯ ದಿನಾಂಕ ಇರಲಿ. ಬೆಲೆ ಏರಿಸುವ 30 ದಿನ ಮುಂಚೆ ತಿಳಿಸುತ್ತೀರಿ, ಅಷ್ಟರೊಳಗೆ ಬಂದ ಆರ್ಡರ್‌ಗೆ ಹಳೆಯ ಬೆಲೆ. ಆದರೆ ಮಾಮೂಲಿ ತಿಂಗಳ ಖರೀದಿಯಷ್ಟಕ್ಕೆ ಮಾತ್ರ. ಇಲ್ಲದಿದ್ದರೆ ನೋಟಿಸ್ ಕೊಟ್ಟ ಮರುದಿನವೇ ಆರು ತಿಂಗಳ ಆರ್ಡರ್ ಬಂದು ಕೂರುತ್ತದೆ. ಬೆಲೆ ಇಳಿಸಿದರೆ ಕಳೆದ 60 ದಿನದಲ್ಲಿ ಕೊಂಡು ಇನ್ನೂ ಮಾರದ ಮಾಲಿಗೆ ವ್ಯತ್ಯಾಸ ಕೊಡುತ್ತೀರಿ. ಕನಿಷ್ಠ ಸ್ಟಾಕ್ ಇಡಿ ಎಂದು ಹೇಳಿದವರು ನೀವೇ ಆದ್ದರಿಂದ ಈ ನಷ್ಟ ಅವರ ತಲೆ ಮೇಲೆ ಬೀಳಬಾರದು.

ಡಿಸ್ಕೌಂಟ್ ಯಾವುದರ ಮೇಲೆ ಅನ್ನೋದನ್ನು ಬಿಡಿಸಿ ಬರೆಯಿರಿ. ಪಟ್ಟಿ ಬೆಲೆ 100ರ ಮೇಲೆ ‘30 ಮತ್ತು 8’ ಡಿಸ್ಕೌಂಟ್ ಎಂದರೆ ಡೀಲರ್ ಮನಸ್ಸಿನಲ್ಲಿ 38. ಅಂದರೆ ಅವರ ಬೆಲೆ 62. ನಿಮ್ಮ ಲೆಕ್ಕದವರು ಮೊದಲು 30 ಕಳೆದು, ಉಳಿದ 70ರ ಮೇಲೆ 8 ಕಳೆಯುತ್ತಾರೆ. ಆಗ ಬೆಲೆ 64.4. ಮೊದಲ ಬಿಲ್ ಬಂದ ದಿನವೇ ಮನಸ್ತಾಪ. ಹಾಳೆಯ ಕೆಳಗೆ ಒಂದು ನಲ್ಲಿಯ ಲೆಕ್ಕವನ್ನು ಕೊನೆಯ ಅಂಕಿವರೆಗೂ ಮಾಡಿ ತೋರಿಸಿದರೆ ಆ ತಲೆನೋವು ಇರುವುದಿಲ್ಲ.

ಆ 8ರ ಬಗ್ಗೆಯೇ ನನಗೆ ತಕರಾರಿದೆ. ಅದನ್ನು ಜಾಸ್ತಿ ಕೊಂಡರೆ ಜಾಸ್ತಿ ಡಿಸ್ಕೌಂಟ್ ಅನ್ನುವ ಸ್ಲ್ಯಾಬ್ ಆಗಿ ಇಟ್ಟಿರಿ ಎನ್ನಿ. ಸ್ಲ್ಯಾಬ್ ಮುಟ್ಟಲು ಡೀಲರ್ ತಿಂಗಳ ಕೊನೆಗೆ ಬೇಕಾದ್ದಕ್ಕಿಂತ ದುಪ್ಪಟ್ಟು ಎತ್ತುತ್ತಾರೆ. ಅವರಿಗೆ ಬಿದ್ದದ್ದು 64.4. ಮಿಕ್ಕ ಮಾಲನ್ನು ಪಕ್ಕದ ಏರಿಯಾದ ಅಂಗಡಿಗೆ 68ಕ್ಕೆ ಕೊಟ್ಟರೂ ಲಾಭವೇ. ಆ ಏರಿಯಾದ ನಿಮ್ಮ ಡೀಲರ್ ನಿಮ್ಮಿಂದಲೇ ಕೊಳ್ಳುವ ಬೆಲೆ 70. ಏರಿಯಾದ ಬೇಲಿ ಒಡೆದದ್ದು ನಿಮ್ಮದೇ ಬೆಲೆಪಟ್ಟಿ. ಏರಿಯಾ ಷರತ್ತನ್ನು ಎಷ್ಟೇ ಬಿಗಿ ಮಾಡಿದರೂ ಇದು ನಿಲ್ಲುವುದಿಲ್ಲ. ಬಿಲ್‌ನಲ್ಲಿ ಎಲ್ಲರಿಗೂ 30 ಇರಲಿ. ಅದರ ಮೇಲೆ ಪ್ಯಾನೆಲ್ ಮತ್ತು ಸ್ಟಾಕ್ ಪಟ್ಟಿ ಸರಿಯಾಗಿದ್ದರೆ 3, ಖರೀದಿ ಗುರಿ ಮುಟ್ಟಿದರೆ 2. ಎರಡೂ ತ್ರೈಮಾಸಿಕದ ಕೊನೆಗೆ ಕ್ರೆಡಿಟ್ ನೋಟ್ ರೂಪದಲ್ಲಿ. ಹಣ ತಡವಾಗಿ, ಪರೀಕ್ಷೆಯ ನಂತರ ಬರುವುದರಿಂದ ಮಾಲನ್ನು ಕಡಿಮೆಗೆ ಬಿಟ್ಟುಕೊಡುವ ಧೈರ್ಯ ಬರುವುದಿಲ್ಲ. ಡಿಸ್‌ಪ್ಲೇ ಉಳಿಸಿಕೊಳ್ಳಲೂ ಒಂದು ಕಾರಣ ಸಿಕ್ಕಿತು.

‘85ಕ್ಕಿಂತ ಕಡಿಮೆಗೆ ಮಾರಬಾರದು’ ಎಂದು ಮಾತ್ರ ಬರೆಯಬೇಡಿ. ಮರುಮಾರಾಟಕ್ಕೆ ಕನಿಷ್ಠ ಬೆಲೆ ಕಟ್ಟುವುದು ಯುರೋಪಿನಲ್ಲಿ ಗಂಭೀರ ಉಲ್ಲಂಘನೆ. ಭಾರತದ 2002ರ ಸ್ಪರ್ಧಾ ಕಾಯ್ದೆಯೂ ಅಂಥ ಷರತ್ತಿನಿಂದ ಸ್ಪರ್ಧೆಗೆ ಧಕ್ಕೆ ಆಗುತ್ತದೆಯೇ ಎಂದು ನೋಡುತ್ತದೆ. ಅಮೆರಿಕದಲ್ಲಿ 2007ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಆಯಾ ಪ್ರಕರಣದ ಮೇಲೆ ತೂಗುತ್ತಾರೆ. ‘ಸೂಚಿತ ಬೆಲೆ’ ಎಂದು ಬರೆಯಬಹುದು. ಆದರೆ ಅದನ್ನು ಪಾಲಿಸದವರಿಗೆ ಮಾಲು ನಿಲ್ಲಿಸಿದರೆ ಅದು ಸೂಚನೆಯಾಗಿ ಉಳಿಯುವುದಿಲ್ಲ. ವಾಟ್ಸಾಪ್‌ನಲ್ಲಿ ನಿಮ್ಮ ಹುಡುಗ ‘ಯಾಕೆ ಸಾರ್ 80ಕ್ಕೆ ಕೊಟ್ಟಿರಿ, ಮುಂದಿನ ಲೋಡು ಕಳಿಸಲ್ಲ’ ಎಂದು ಬರೆದದ್ದೂ ಸಾಕ್ಷಿಯೇ ಆಗುತ್ತದೆ. ಈ ಒಂದು ಪ್ಯಾರಾವನ್ನು ನಿಮ್ಮೂರಿನ ವಕೀಲರಿಗೆ ತೋರಿಸಿ.

ಹೆಸರು ಬಳಸುವ ನಿಯಮದಲ್ಲಿ ಲೋಗೋ ಬಣ್ಣ, ಅಳತೆ ಎಲ್ಲ ಸುಲಭದ ಭಾಗ. ಫೈಲ್ ಕೊಡಿ, ಇದನ್ನೇ ಬಳಸಿ ಅನ್ನಿ. ಕಷ್ಟದ್ದು ಹೆಸರು ಯಾರ ಕೈಗೆ ಹೋಗುತ್ತದೆ ಅನ್ನೋದು. ಒಪ್ಪಂದಕ್ಕೆ ಮುಂಚೆಯೇ ನಿಮ್ಮ ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕಿರಬೇಕು. ಏಜೆಂಟರು ಮಾಲೀಕನಿಗೆ ಹೇಳದೆ ತಮ್ಮ ಹೆಸರಿನಲ್ಲೇ ಮಾರ್ಕ್ ನೋಂದಾಯಿಸಿಕೊಳ್ಳುವುದು ಎಷ್ಟು ಹಳೆಯ ಚಾಳಿ ಎಂದರೆ, ಟ್ರೇಡ್‌ಮಾರ್ಕ್, ಪೇಟೆಂಟ್‌ಗಳ ಕುರಿತ ಅಂತರರಾಷ್ಟ್ರೀಯ ಪ್ಯಾರಿಸ್ ಒಪ್ಪಂದದಲ್ಲಿ ಅದಕ್ಕೆಂದೇ ಒಂದು ವಿಧಿ ಇದೆ. ಆ ವಿಧಿಯಿಂದ ಹೋರಾಡಿ ವಾಪಸ್ ಪಡೆಯಬಹುದು. ಆದರೆ ಮೊದಲೇ ಅರ್ಜಿ ಹಾಕುವುದು ಎಷ್ಟೋ ಅಗ್ಗ.

ಡೀಲರ್‌ಗೆ ಕೊಡುವುದು ಹೆಸರನ್ನು ‘ಅಧಿಕೃತ ಮಾರಾಟಗಾರರು’ ಎಂಬ ಮಾತಿನ ಜೊತೆ, ಈ ಮಾಲಿಗಾಗಿ, ಒಪ್ಪಂದ ಇರುವಷ್ಟು ದಿನ ಬಳಸುವ ಅನುಮತಿ ಮಾತ್ರ. ಅಂಗಡಿಯ ಹೆಸರಿನಲ್ಲಿ, ವೆಬ್ ವಿಳಾಸದಲ್ಲಿ, ಸೋಷಿಯಲ್ ಮೀಡಿಯಾ ಖಾತೆಯ ಹೆಸರಿನಲ್ಲಿ ನಿಮ್ಮ ಬ್ರ್ಯಾಂಡ್ ಬರಬಾರದು. ಮ್ಯಾಪ್‌ನಲ್ಲಿ ‘ನಿಮ್ಮ ಬ್ರ್ಯಾಂಡ್ ಶೋರೂಮ್’ ಎಂದು ಅವರ ಫೋನ್ ನಂಬರ್ ಜೊತೆ ಒಂದು ಗುರುತು ಬಂದರೆ, ಅವರು ಬಿಟ್ಟುಹೋದ ಮೇಲೂ ವರ್ಷಗಟ್ಟಲೆ ನಿಮ್ಮ ಗ್ರಾಹಕರ ಕರೆ ಅವರಿಗೇ ಹೋಗುತ್ತದೆ. ಅಲ್ಲಿ ಅವರು ಬೇರೆ ನಲ್ಲಿ ತೋರಿಸುತ್ತಾರೆ. ಹೊರಗಿನ ಬೋರ್ಡಿನ ಖರ್ಚು ನೀವು ಕೊಟ್ಟರೆ ಬೋರ್ಡ್ ನಿಮ್ಮದು. ಒಪ್ಪಂದ ಮುಗಿದ 15 ದಿನದಲ್ಲಿ ಇಳಿಸಬೇಕು. ಇಳಿಸದಿದ್ದರೆ ನೀವು ಬಂದು ಇಳಿಸಬಹುದು ಎಂದು ಅನುಮತಿಯನ್ನು ಈಗಲೇ ಬರೆಸಿಕೊಳ್ಳಿ.

ಎಲ್ಲ ಬರೆದ ಮೇಲೆ ನೋಡಿಕೊಳ್ಳುವುದು ಹೇಗೆ? ಪ್ರತಿ ತಿಂಗಳ ಮೊದಲ ವಾರ ಪ್ಯಾನೆಲ್‌ನ ಒಂದು ಫೋಟೋ, ಯಾವಾಗಲೂ ಒಂದೇ ಜಾಗದಿಂದ. ಮೂರು ತಿಂಗಳಿಗೊಮ್ಮೆ ನಿಮ್ಮವರು ಹೋಗಿ ಪೆಟ್ಟಿಗೆ ಎತ್ತಿ ನೋಡಲಿ. ಶೆಲ್ಫಿನಲ್ಲಿ ಸಾಲಾಗಿರುವ ಪೆಟ್ಟಿಗೆಗಳು ಖಾಲಿ ಇರುವುದುಂಟು. ಪೆಟ್ಟಿಗೆಯ ಬ್ಯಾಚ್ ಸಂಖ್ಯೆಯನ್ನು ಬಿಲ್‌ನಲ್ಲಿ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ವಾರಂಟಿಗೆ ಬಂದ ನಲ್ಲಿ ಎಲ್ಲಿಂದ ಹೋಗಿದ್ದು, ಎಲ್ಲಿ ಕೂತಿದೆ ಎಂದು ಅದರಿಂದ ಗೊತ್ತಾಗುತ್ತದೆ. ಒಂದೆರಡು ಆಚೆ ಹೋದರೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಬ್ಯಾಚಿನ ಐದಾರು ಪೀಸು ಒಂದೇ ಹೊರಗಿನ ಅಂಗಡಿಯಿಂದ ಬಂದರೆ, ಆ ತ್ರೈಮಾಸಿಕದ ಆರ್ಡರ್ ದಿನಾಂಕ ತೆಗೆದು ನೋಡಿ. ಎಲ್ಲವೂ ತ್ರೈಮಾಸಿಕದ ಕೊನೆಯ ಎರಡು ಮೂರು ದಿನದಲ್ಲೇ ಇದ್ದರೆ ಗುರಿ ಮುಟ್ಟಲು ಎತ್ತಿದ ಮಾಲು ಹೊರಗೆ ಹರಿಯುತ್ತಿದೆ ಎಂದೇ ಲೆಕ್ಕ. ಆಗ ಗುರಿಯನ್ನೇ ಇಳಿಸುವುದು ಒಳ್ಳೆಯದು.

ಕೊನೆಯದಾಗಿ, ಬೇರೆಯಾಗುವ ದಿನದ ಸ್ಟಾಕ್. ಪಟ್ಟಿಯಲ್ಲಿರುವ ಮಾಡೆಲ್, ಸೀಲ್ ಒಡೆಯದ ಪೆಟ್ಟಿಗೆ, 12 ತಿಂಗಳೊಳಗಿನ ಬಿಲ್. ಇಷ್ಟಿದ್ದರೆ ಬಿಲ್ ಬೆಲೆಯಲ್ಲಿ ಶೇಕಡ 10 ಕಳೆದು 30 ದಿನದಲ್ಲಿ ವಾಪಸ್ ಕೊಳ್ಳುತ್ತೀರಿ ಎಂದು ಬರೆಯಿರಿ. ಬಾಕಿ ಇದ್ದರೆ ಅದರಲ್ಲೇ ವಜಾ. ವಾರ್ಷಿಕ ಹಕ್ಕು ಮುಗಿಯುವ ಮುಂಚೆ ನೀವೇ ಕೈಬಿಟ್ಟರೆ ಪ್ಯಾನೆಲ್ ಮಾಲಿಗೆ ಅವರು ಕೊಟ್ಟ ಅರ್ಧವನ್ನೂ ಹಿಂತಿರುಗಿಸಿ. ಈ ಷರತ್ತು ಡೀಲರ್‌ಗೆ ಮಾಡುವ ಉಪಕಾರ ಅನ್ನಿಸಬಹುದು. ಆದರೆ ವಾಪಸ್ ಕೊಳ್ಳದಿದ್ದರೆ ಆ ಒಂದೂವರೆ ತಿಂಗಳ ಮಾಲು ಅದೇ ಜಿಲ್ಲೆಯ ಅಂಗಡಿಗಳಿಗೆ 60ಕ್ಕೋ 55ಕ್ಕೋ ಹೋಗುತ್ತದೆ. ಅದು ಖಾಲಿಯಾಗುವವರೆಗೂ ನಿಮ್ಮ ಹೊಸ ಡೀಲರ್ 70ಕ್ಕೆ ಕೊಂಡ ಒಂದು ನಲ್ಲಿಯನ್ನೂ ಮಾರಲಾರರು.